ಬಿಟ್ಟ ಸ್ಥಳದಲ್ಲಿ ‘ಅಪ್’ ಬರಬೇಕೋ ‘ಇನ್‌ಟು’ ಬರಬೇಕೋ?

ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳ ಬಿಟ್ಟ ಸ್ಥಳ ತುಂಬುವಾಗ ಹೆಚ್ಚಿನವರು ನೇರವಾಗಿ ಅರ್ಥ ನೆನಪಿಸಿಕೊಳ್ಳಲು ಹೊರಡುತ್ತಾರೆ. ಅದಕ್ಕೂ ಮುಂಚೆ ಗೆರೆಯ ಪಕ್ಕದಲ್ಲಿ ‘ಇಟ್’, ‘ದೆಮ್’, ‘ಹಿಮ್’ ಇಂಥ ಸರ್ವನಾಮ ಇದೆಯೇ ನೋಡಿ. ಅದು ಗೆರೆಗಿಂತ ಮೊದಲು ಬಂದಿದೆಯೋ ನಂತರವೋ ಎಂಬುದರಿಂದಲೇ ಕೆಲವು ಆಯ್ಕೆಗಳು ಬಿದ್ದುಹೋಗುತ್ತವೆ.

ಕಾರಣ ಕನ್ನಡದಿಂದಲೇ ತಿಳಿಯುತ್ತದೆ. ‘ಅದನ್ನು ಕಿತ್ತುಹಾಕು’ ಎಂಬಲ್ಲಿ ‘ಹಾಕು’ ಕ್ರಿಯಾಪದಕ್ಕೆ ಸೇರಿದ್ದು. ‘ಅದರ ಬಗ್ಗೆ ವಿಚಾರಿಸು’ ಎಂಬಲ್ಲಿ ‘ಬಗ್ಗೆ’ ಅಂಟಿಕೊಂಡಿರುವುದು ‘ಅದರ’ ಎಂಬ ಪದಕ್ಕೆ. ಇಂಗ್ಲಿಷ್ ಫ್ರೇಸಲ್ ವರ್ಬ್‌ನಲ್ಲಿ ಕ್ರಿಯಾಪದದ ಜೊತೆ ಬರುವ ಪುಟ್ಟ ಪದಗಳಲ್ಲೂ, ಅಂದರೆ ಪಾರ್ಟಿಕಲ್‌ಗಳಲ್ಲೂ, ಹೀಗೆ ಎರಡು ಬಗೆ. ‘ಟರ್ನ್ ಡೌನ್’ನ ‘ಡೌನ್’ ಕ್ರಿಯಾಪದದ್ದು, ಆದ್ದರಿಂದ ಸರ್ವನಾಮ ನಡುವೆ ನುಗ್ಗಲೇಬೇಕು: ‘ಟರ್ನ್ ಇಟ್ ಡೌನ್’. ‘ಲುಕ್ ಇನ್‌ಟು’ವಿನ ‘ಇನ್‌ಟು’ ನಮ್ಮ ‘ಬಗ್ಗೆ’ಯಂತೆ ತನ್ನ ಪದವನ್ನು ಬಿಡುವುದಿಲ್ಲ: ‘ಲುಕ್ ಇನ್‌ಟು ಇಟ್’. ಮೊದಲನೆಯದು ಬೇರ್ಪಡುವಂಥದ್ದು, ಎರಡನೆಯದು ಬೇರ್ಪಡದ್ದು.

ಒಂದು ಪ್ರಶ್ನೆ ಬಿಡಿಸೋಣ: ‘ದೇ ಆಫರ್ಡ್ ಹರ್ ದ ಜಾಬ್, ಬಟ್ ಶಿ ಟರ್ನ್ಡ್ ಇಟ್ ____.’ ಆಯ್ಕೆಗಳು: ಇನ್‌ಟು, ಆಫ್, ಅಪ್, ಡೌನ್. ‘ಇಟ್’ ಗೆರೆಗಿಂತ ಮೊದಲೇ ಬಂದಿದೆ, ಗೆರೆಯ ನಂತರ ವಾಕ್ಯ ಮುಗಿದಿದೆ. ‘ಇನ್‌ಟು’ಗೆ ಮುಂದೊಂದು ನಾಮಪದ ಬೇಕೇ ಬೇಕು, ಹಾಗಾಗಿ ಅದನ್ನು ಹೊಡೆದುಹಾಕಿ. ಅರ್ಥ ನೋಡುವ ಸಮಯ ಈಗ. ‘ಆಫ್’ ದೀಪ ಆರಿಸಲು, ‘ಅಪ್’ ದನಿ ಏರಿಸಲು. ಸಿಕ್ಕ ಕೆಲಸವನ್ನು ‘ಬಟ್’ ಎಂದು ತಿರುಗಿಸಿರುವುದರಿಂದ ಬೇಡವೆಂದಳು ಎಂದರ್ಥ, ಉತ್ತರ ‘ಡೌನ್’.

ಇನ್ನೊಂದು: ‘ದ ಪೊಲೀಸ್ ಆರ್ ಲುಕಿಂಗ್ ____ ಇಟ್.’ ‘ಅಪ್’ ಆಗಿದ್ದರೆ ‘ಲುಕಿಂಗ್ ಇಟ್ ಅಪ್’ ಎಂದಿರಬೇಕಿತ್ತು. ಹಾಗಿಲ್ಲ, ಆದ್ದರಿಂದ ‘ಇನ್‌ಟು’.

ಕಷ್ಟವಾಗುವುದು ಗೆರೆಯ ಮುಂದೆ ಪೂರ್ತಿ ನಾಮಪದ ಇದ್ದಾಗ. ‘ಟರ್ನ್ ಡೌನ್ ದ ಆಫರ್’, ‘ಟರ್ನ್ ದ ಆಫರ್ ಡೌನ್’ ಎರಡೂ ಸರಿಯಾದ್ದರಿಂದ ಜಾಗ ನೋಡಿ ಏನೂ ತಿಳಿಯದು. ಅಲ್ಲಿ ಅರ್ಥವೇ ಗತಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಾಮಪದ ತೆಗೆದು ‘ಇಟ್’ ಹಾಕಿ ಬರೆದು, ನಿಘಂಟಿನೊಂದಿಗೆ ತಾಳೆ ನೋಡಿ. ಕಲಿಯುವವರ ನಿಘಂಟುಗಳು ಬೇರ್ಪಡುವ ಕ್ರಿಯಾಪದದ ನಡುವೆ ‘ಸಮ್‌ಥಿಂಗ್’ ಎಂದು ಸೇರಿಸಿ ತೋರಿಸುತ್ತವೆ.

ಪಾರ್ಟಿಕಲ್‌ಗಳನ್ನು ಎರಡು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಮಾತ್ರ ಎಡವುತ್ತೀರಿ. ‘ಆಫ್’ ಒಂದನ್ನೇ ನೋಡಿ: ಚಪ್ಪಲಿ ಕಳಚುವಾಗ ‘ಟೇಕ್ ದೆಮ್ ಆಫ್’, ಬಸ್ಸಿನಿಂದ ಇಳಿಯುವಾಗ ‘ಗೆಟ್ ಆಫ್ ಇಟ್’. ಹಾಗಾಗಿ ಕ್ರಿಯಾಪದ, ಪಾರ್ಟಿಕಲ್, ‘ಇಟ್’ ಮೂರನ್ನೂ ಒಟ್ಟಿಗೇ ಕಲಿಯಬೇಕು.

ಮೂರು ಪದಗಳವು ಬೇರ್ಪಡುವುದು ಅಪರೂಪ. ‘ಪುಟ್ ಅಪ್ ವಿತ್ ಇಟ್’ ಎಂಬಲ್ಲಿ ‘ಇಟ್’ ಕೊನೆಗೇ ಬರುತ್ತದೆ. ‘ಲುಕ್ ಫಾರ್ವರ್ಡ್ ಟು’ ಬಂದರೆ ಇನ್ನಷ್ಟು ಎಚ್ಚರ: ಆ ‘ಟು’ ಪ್ರಿಪೊಸಿಷನ್, ಆದ್ದರಿಂದ ಮುಂದೆ ‘ಮೀಟಿಂಗ್ ಯು’ ಬರಬೇಕು, ‘ಮೀಟ್ ಯು’ ಅಲ್ಲ.