ಬುಕ್‌ಮಾರ್ಕ್ ಹಿಡಿದು ಪಿಡಿಎಫ್ ಒಡೆದ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ ನಡೆಸುವ ನನಗೆ, ಕೋಚಿಂಗ್ ನೋಟ್ಸ್‌ಗಳ ದೊಡ್ಡ ಪಿಡಿಎಫ್ ತಂದು ಅಧ್ಯಾಯಕ್ಕೊಂದು ಫೈಲ್ ಕೇಳುವ ಗಿರಾಕಿಗಳು ಹೊಸಬರಲ್ಲ. ಪಿಡಿಎಫ್‌ನೊಳಗೆ ಒತ್ತಿದರೆ ಅಧ್ಯಾಯಕ್ಕೆ ಒಯ್ಯುವ ಬುಕ್‌ಮಾರ್ಕ್‌ಗಳನ್ನು ಹಿಡಿದೇ ನಾನು ಒಡೆಯುತ್ತೇನೆ. ಪಕ್ಕದ ಅಂಗಡಿಯ ಕಾಕಾ ಅವರು ಮಾತ್ರ, "ಬುಕ್‌ಮಾರ್ಕ್ ನಂಬಬ್ಯಾಡೋ ತಮ್ಮಾ, ಪುಟ ಕಣ್ಣಿಲೆ ನೋಡೇ ಒಡೀಬೇಕು" ಎನ್ನುತ್ತಿದ್ದರು.

ಅವರ ಮಾತಿಗೆ ಕಾರಣವಿತ್ತು. ಸುಮಾರು 600 ಪುಟ, 14 ಅಧ್ಯಾಯಗಳಿದ್ದ ಒಂದು ಫೈಲನ್ನು ಮೊದಲ ಸಲ ಒಡೆದಾಗ, ಒಳಗಿನ ಉಪಶೀರ್ಷಿಕೆಗಳ ಬುಕ್‌ಮಾರ್ಕ್‌ಗಳೂ ಸೇರಿ ನೂರಕ್ಕೂ ಹೆಚ್ಚು ಚೂರುಗಳಾದವು. ಮೇಲಿನ ಹಂತವನ್ನಷ್ಟೇ ಹಿಡಿದು ಸರಿಪಡಿಸಿಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಐದನೆಯ ಅಧ್ಯಾಯದ ಬುಕ್‌ಮಾರ್ಕ್ 187ನೆಯ ಪುಟಕ್ಕೂ ಆರನೆಯದರದ್ದು 231ಕ್ಕೂ ಇದ್ದುದರಿಂದ 187ರಿಂದ 230ರವರೆಗೆ ಕತ್ತರಿಸಿ, 40 ಪ್ರತಿ ಮುದ್ರಿಸಿ ಸ್ಪೈರಲ್ ಹಾಕಿ ಕೊಟ್ಟೆ. ಆದರೆ ಆರನೆಯ ಅಧ್ಯಾಯ ಪುಟದ ನಡುವಿನಿಂದ ಆರಂಭವಾಗಿತ್ತು. ಐದನೆಯದರ ಕೊನೆಯ ಪ್ರಶ್ನೆಗಳು 231ರ ಮೇಲರ್ಧದಲ್ಲೇ ಉಳಿದುಹೋಗಿದ್ದವು. ಮರುಮುದ್ರಣಕ್ಕೆ ಸುಮಾರು 2,000 ರೂಪಾಯಿ ನನ್ನ ಕೈಯಿಂದ ಹೋಯಿತು.

ಬುಕ್‌ಮಾರ್ಕ್ ಪುಟದ ಸಂಖ್ಯೆಯನ್ನಷ್ಟೇ ಅಲ್ಲ, ಆ ಪುಟದಲ್ಲಿ ಎಷ್ಟು ಎತ್ತರಕ್ಕೆ ಹೋಗಬೇಕೆಂಬುದನ್ನೂ ಹಲವು ಬಾರಿ ಹೊತ್ತಿರುತ್ತದೆ ಎಂಬುದು ಆಗ ಹೊಳೆಯಿತು. ಅದನ್ನು qpdf ಎಂಬ ಕಮಾಂಡ್ ಉಪಕರಣದಿಂದ ಹೀಗೆ ತೆಗೆಯುತ್ತೇನೆ:

```
qpdf --json --json-key=outlines notes.pdf > ol.json
```

ಇದರಲ್ಲಿ `destpageposfrom1` ಪುಟವನ್ನು ತೋರಿಸುತ್ತದೆ. `/XYZ` ನಂತರದ ಎರಡನೆಯ ಅಂಕಿ ಪುಟದ ತಳದಿಂದ ಅಳೆದ ಎತ್ತರ. ಎ4 ಪುಟದ ಎತ್ತರ ಸುಮಾರು 842 ಪಾಯಿಂಟ್. ಆರನೆಯ ಅಧ್ಯಾಯಕ್ಕೆ 410ರ ಆಸುಪಾಸು ಬಂದಿತ್ತು. ಅಂಕಿ ಹೀಗೆ ತಗ್ಗಿದ್ದರೆ ಆ ಪುಟವನ್ನು ಎರಡೂ ಫೈಲಿಗೆ ಸೇರಿಸುತ್ತೇನೆ. ಎಷ್ಟಕ್ಕಿಂತ ತಗ್ಗಿದರೆ ತಗ್ಗೆನ್ನಬೇಕು ಎಂಬ ನನ್ನ ಲೆಕ್ಕವನ್ನು ಮಾತ್ರ ಸದ್ಯ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

```
qpdf --empty --pages notes.pdf 187-231 -- 05.pdf
```

`--empty` ಬಿಟ್ಟು ಮೂಲ ಫೈಲನ್ನೇ ಮುಂದಿಟ್ಟರೆ ಇಡೀ ಪುಸ್ತಕದ ಬುಕ್‌ಮಾರ್ಕ್‌ಗಳು ಪ್ರತಿ ಚೂರಿಗೂ ಅಂಟಿಕೊಂಡು ಬರುತ್ತವೆ, ಚೂರಿನಲ್ಲಿಲ್ಲದ ಪುಟಗಳವನ್ನು ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ.

ನಡುವೆ, ಅಧ್ಯಾಯದ ಕನ್ನಡ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸಲು ಹೋದೆ. ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿಯಿದೆ. ಕನ್ನಡದ ಪ್ರತಿ ಚಿಹ್ನೆಗೂ, ಒತ್ತು ಗುಣಿತಗಳಿಗೂ ಸಹ, ಕನಿಷ್ಠ 3 ಬೈಟ್ ಬೇಕಾದ್ದರಿಂದ ಉದ್ದದ ಎರಡು ಶೀರ್ಷಿಕೆಗಳು ಹಿಡಿಸಲೇ ಇಲ್ಲ. ಈಗ 05ರಂತಹ ಅಂಕಿಯ ಜೊತೆಗೆ ಶೀರ್ಷಿಕೆಯ ಮೊದಲ ಪದವೊಂದನ್ನೇ ಇಡುತ್ತೇನೆ.

ಕೈಯಿಂದ ಒಂದೂವರೆ ತಾಸು ಹಿಡಿಯುತ್ತಿದ್ದ ಕೆಲಸ ಈಗ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಕಾಕಾ ಅವರೇ ತಮ್ಮ ಫೈಲುಗಳನ್ನು ನನಗೆ ಕಳಿಸುತ್ತಾರೆ. ಕೆಲವು ಪಿಡಿಎಫ್‌ಗಳಲ್ಲಿ `/XYZ` ಬದಲು `/Fit` ಇರುತ್ತದೆ. ಅಲ್ಲಿ ಎತ್ತರ ಸಿಗುವುದೇ ಇಲ್ಲವಾದ್ದರಿಂದ, ಪ್ರತಿ ಅಧ್ಯಾಯದ ಮೊದಲ ಪುಟವನ್ನು ತೆರೆದು ಕಣ್ಣಾರೆ ನೋಡಿದ ನಂತರವೇ ಕತ್ತರಿಸುತ್ತೇನೆ.