ನಷ್ಟ ಕಳೆದ ಮೇಲೂ ಬಂದ ತೆರಿಗೆ: ನಮ್ಮ ಕಂಪನಿಯ ಮ್ಯಾಟ್ ಲೆಕ್ಕ

ಪೀಣ್ಯದ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ಅಕೌಂಟ್ಸ್ ನಾನು ನೋಡಿಕೊಳ್ಳುತ್ತೇನೆ. ಯಂತ್ರದ ಬಿಡಿಭಾಗಗಳನ್ನು ಮಾಡುವ ಕಾರ್ಖಾನೆ. 2020-21ರಲ್ಲಿ ಕೋವಿಡ್‌ನಿಂದ ಕೆಲಸ ನಿಂತಿತ್ತು, ಹಾಗಾಗಿ ಪುಸ್ತಕದಲ್ಲಿ 30 ಲಕ್ಷ ನಷ್ಟ ಬಂತು. ಮಾರನೇ ವರ್ಷ ಆರ್ಡರ್‌ಗಳು ಒಮ್ಮೆಲೇ ಬಂದವು. 2021-22ರಲ್ಲಿ ತೆರಿಗೆಗೆ ಮುಂಚಿನ ಲಾಭ 60 ಲಕ್ಷ ಆಯಿತು. ಹಳೇ ನಷ್ಟ ಕಳೆದುಕೊಂಡರೆ ತೆರಿಗೆ ಹೆಚ್ಚೇನೂ ಬರುವುದಿಲ್ಲ ಅಂತ ನಾನು ನೆಮ್ಮದಿಯಾಗಿದ್ದೆ. ಆ ನೆಮ್ಮದಿಯಿಂದ ನಮಗೆ 70 ಸಾವಿರದ ಹತ್ತಿರ ಬಡ್ಡಿ ಬಿತ್ತು.

ಮೊದಲು ಮಾಮೂಲಿ ಲೆಕ್ಕ ಹೇಳುತ್ತೇನೆ. ಪುಸ್ತಕದ ಲಾಭ 60 ಲಕ್ಷ. ಅದಕ್ಕೆ ಡೌಟ್‌ಫುಲ್ ಡೆಟ್ಸ್ ಪ್ರಾವಿಷನ್ 4 ಲಕ್ಷ ಸೇರಿಸಿದೆ, ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ಒಪ್ಪುವುದಿಲ್ಲ. ಪುಸ್ತಕದ ಸವಕಳಿ 18 ಲಕ್ಷ ವಾಪಸ್ ಸೇರಿಸಿ, ತೆರಿಗೆ ಕಾಯ್ದೆಯ ಸವಕಳಿ 30 ಲಕ್ಷ ಕಳೆದೆ. ಉಳಿದದ್ದು 52 ಲಕ್ಷ. ತೆರಿಗೆ ಲೆಕ್ಕದಲ್ಲಿ ಹಿಂದಿನ ವರ್ಷದ ನಷ್ಟ 44 ಲಕ್ಷ ಇತ್ತು. ಪುಸ್ತಕದ ನಷ್ಟಕ್ಕಿಂತ ಇದು ಜಾಸ್ತಿ ಯಾಕೆಂದರೆ ಆ ವರ್ಷ ಕೊಂಡ ಹೊಸ ಯಂತ್ರಗಳಿಗೆ ಹೆಚ್ಚುವರಿ ಸವಕಳಿಯೂ ಸಿಕ್ಕಿತ್ತು. 44 ಕಳೆದರೆ 8 ಲಕ್ಷ ಆದಾಯ. ನಮಗೆ ದರ ಶೇ 25, ಮೇಲೆ ಶೇ 4 ಸೆಸ್. ತೆರಿಗೆ 2,08,000 ರೂಪಾಯಿ. ಇಷ್ಟನ್ನೇ ನಾಲ್ಕು ಕಂತಲ್ಲಿ ಅಡ್ವಾನ್ಸ್ ಟ್ಯಾಕ್ಸ್ ಅಂತ ಕಟ್ಟಿ ಕೂತಿದ್ದೆ.

ಆಗಸ್ಟ್‌ನಲ್ಲಿ ಆಡಿಟರ್ ಕಂಪ್ಯುಟೇಶನ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಬುಕ್ ಪ್ರಾಫಿಟ್ ಶೀಟ್ ಎಲ್ಲಿ?" ನನ್ನ ಹತ್ತಿರ ಇರಲಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ 115ಜೆಬಿ ಸೆಕ್ಷನ್ ಹೇಳುವುದು ಇಷ್ಟು. ಕಂಪನಿಯ ಮಾಮೂಲಿ ತೆರಿಗೆ ಅದರ ಬುಕ್ ಪ್ರಾಫಿಟ್‌ನ ಶೇ 15ಕ್ಕಿಂತ ಕಡಿಮೆ ಬಂದರೆ, ಆ ಬುಕ್ ಪ್ರಾಫಿಟನ್ನೇ ಆದಾಯ ಅಂತ ತಿಳಿದು ಶೇ 15 ಕಟ್ಟಬೇಕು. ಮೇಲೆ ಸೆಸ್ ಇದೆ, ಒಂದು ಕೋಟಿ ದಾಟಿದರೆ ಸರ್‌ಚಾರ್ಜ್ ಕೂಡ. ಇದೇ ಮಿನಿಮಮ್ ಆಲ್ಟರ್ನೇಟ್ ಟ್ಯಾಕ್ಸ್, ಅಂದರೆ ಮ್ಯಾಟ್. ಕಂಪನಿ ಸಣ್ಣದು, ಪ್ರೈವೇಟ್ ಲಿಮಿಟೆಡ್ ಅನ್ನುವ ವಿನಾಯ್ತಿ ಇದರಲ್ಲಿಲ್ಲ. ಶೇ 22ರ ಹೊಸ ದರವನ್ನು 115ಬಿಎಎ ಪ್ರಕಾರ ಆರಿಸಿಕೊಂಡ ಕಂಪನಿಗೆ ಮ್ಯಾಟ್ ಇಲ್ಲ. ನಾವು ಅದನ್ನು ಆರಿಸಿರಲಿಲ್ಲ. ಆರಿಸಿದ್ದರೆ ಹೆಚ್ಚುವರಿ ಸವಕಳಿಯೂ, ಅದರಿಂದ ಬಂದ ನಷ್ಟವೂ ಕೈಬಿಡುತ್ತಿತ್ತು.

ಬುಕ್ ಪ್ರಾಫಿಟ್ ಅಂದರೆ ಲಾಭ-ನಷ್ಟದ ಪಟ್ಟಿಯ ಕೊನೆಯ ಅಂಕಿ ಅಂತಲ್ಲ. ಅಲ್ಲಿಂದ ಶುರು ಮಾಡಿ, ಸೆಕ್ಷನ್ ಹೇಳಿದ್ದನ್ನು ಮಾತ್ರ ಸೇರಿಸಬೇಕು, ಹೇಳಿದ್ದನ್ನು ಮಾತ್ರ ಕಳೆಯಬೇಕು. ಆದಾಯ ತೆರಿಗೆ ಮತ್ತು ಡಿಫರ್ಡ್ ಟ್ಯಾಕ್ಸನ್ನು ವಾಪಸ್ ಸೇರಿಸಿದಾಗ ನಮ್ಮ 60 ಲಕ್ಷ ಬಂತು. ಡೌಟ್‌ಫುಲ್ ಡೆಟ್ಸ್ ಪ್ರಾವಿಷನ್ ಇಲ್ಲೂ ಸೇರುತ್ತದೆ, ಆಸ್ತಿಯ ಬೆಲೆ ಇಳಿದದ್ದಕ್ಕೆ ಮಾಡಿದ ಪ್ರಾವಿಷನ್ ಅಂತ. 64 ಆಯಿತು. ಸವಕಳಿಯನ್ನು ಮಾತ್ರ ತೆರಿಗೆ ದರಕ್ಕೆ ಬದಲಾಯಿಸುವ ಹಾಗಿಲ್ಲ, ಪುಸ್ತಕದ 18 ಲಕ್ಷವೇ ನಿಲ್ಲುತ್ತದೆ. ಹೊಸ ಯಂತ್ರ ಕೊಂಡ ಕಂಪನಿಗಳು ಮ್ಯಾಟ್‌ಗೆ ಸಿಕ್ಕುವುದಕ್ಕೆ ಇದು ದೊಡ್ಡ ಕಾರಣ.

ಇನ್ನು ಹಳೇ ನಷ್ಟ. ನಾನು 30 ಲಕ್ಷ ಪೂರ್ತಿ ಕಳೆಯಲು ಹೋದೆ. ಆಡಿಟರ್ ತಡೆದರು. ಪುಸ್ತಕದ ನಷ್ಟವನ್ನು ಎರಡು ತುಂಡು ಮಾಡಬೇಕು: ಸವಕಳಿ ಎಷ್ಟು, ಸವಕಳಿ ಬಿಟ್ಟು ಉಳಿದ ನಷ್ಟ ಎಷ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಾತ್ರ ಕಳೆಯಬಹುದು. ನಮ್ಮ 30ರಲ್ಲಿ ಸವಕಳಿ 20, ಉಳಿದ ನಷ್ಟ 10. ಹಾಗಾಗಿ ಕಳೆಯಲು ಸಿಕ್ಕಿದ್ದು 10 ಲಕ್ಷ. ಬುಕ್ ಪ್ರಾಫಿಟ್ 54 ಲಕ್ಷ, ಅದರ ಶೇ 15 ಅಂದರೆ 8,10,000, ಸೆಸ್ 32,400. ಒಟ್ಟು ಮ್ಯಾಟ್ 8,42,400. ನಾನು ಕಟ್ಟಿದ್ದು 2,08,000 ಮಾತ್ರ.

ನಮ್ಮ ಡೈರೆಕ್ಟರ್‌ಗೆ ಹೇಳುವಾಗ ನಿಜಕ್ಕೂ ಕಷ್ಟವಾಯಿತು. "ನಷ್ಟ ಇದೆಯಲ್ಲಮ್ಮಾ, ಮತ್ತೆ ಎಂಟು ಲಕ್ಷ ಯಾಕೆ?" ಅಂದರು. ಅದಕ್ಕಿಂತ ಜಾಸ್ತಿ ಬೇಜಾರಾಗಿದ್ದು ಬಡ್ಡಿಯ ವಿಷಯಕ್ಕೆ. ಅಡ್ವಾನ್ಸ್ ಟ್ಯಾಕ್ಸ್ ಮ್ಯಾಟ್‌ಗೂ ಕಟ್ಟಬೇಕು. ಬಾಕಿ 6,34,400 ರೂಪಾಯಿಯನ್ನು ಸೆಪ್ಟೆಂಬರ್‌ನಲ್ಲಿ ಕಟ್ಟಿದೆವು. ಏಪ್ರಿಲ್‌ನಿಂದ ಆರು ತಿಂಗಳಿಗೆ ತಿಂಗಳಿಗೆ ಶೇ 1ರಂತೆ 234ಬಿ ಬಡ್ಡಿ 38,064 ಆಯಿತು. ಕಂತುಗಳಲ್ಲಿ ಕಡಿಮೆ ಕಟ್ಟಿದ್ದಕ್ಕೆ 234ಸಿ ಪ್ರಕಾರ ಇನ್ನೂ ಸುಮಾರು 32 ಸಾವಿರ. ಹೆಚ್ಚಾಗಿ ಕಟ್ಟಿದ ಮ್ಯಾಟ್ ಕ್ರೆಡಿಟ್ ಆಗಿ ಉಳಿದು ಮುಂದಿನ ವರ್ಷಗಳ ತೆರಿಗೆಯಲ್ಲಿ ಕಳೆಯುತ್ತದೆ, ಬಡ್ಡಿ ಮಾತ್ರ ವಾಪಸ್ ಬರುವುದಿಲ್ಲ. ಅಂದಿನಿಂದ ಜೂನ್ 15ರ ಮೊದಲ ಕಂತಿಗೆ ಮುಂಚೆಯೇ ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಫಾರ್ಮ್ 29ಬಿ ಬಗ್ಗೆ ಒಂದು ಮಾತು. ಬುಕ್ ಪ್ರಾಫಿಟ್ ಸರಿ ಇದೆ ಅಂತ ಚಾರ್ಟರ್ಡ್ ಅಕೌಂಟೆಂಟ್ ಕೊಡುವ ವರದಿ ಅದು. ರಿಟರ್ನ್‌ನ ಕೊನೆ ದಿನಕ್ಕೆ ಒಂದು ತಿಂಗಳು ಮುಂಚೆ ಅದು ಹೋಗಿರಬೇಕು.

ಈಗ ಕ್ರೆಡಿಟ್ಟಿನ ವಿಷಯ. ಮ್ಯಾಟ್ 8,42,400, ಮಾಮೂಲಿ ತೆರಿಗೆ 2,08,000. ವ್ಯತ್ಯಾಸ 6,34,400. ಇದಷ್ಟೇ 115ಜೆಎಎ ಪ್ರಕಾರ ನಮ್ಮ ಕ್ರೆಡಿಟ್. ಕಟ್ಟಿದ ಮ್ಯಾಟ್ ಪೂರ್ತಿ ಕ್ರೆಡಿಟ್ ಅಂತ ತಿಳಿದವರನ್ನು ನಾನು ನೋಡಿದ್ದೇನೆ, ಅದು ತಪ್ಪು. 15 ಅಸೆಸ್‌ಮೆಂಟ್ ವರ್ಷ ಮುಂದಕ್ಕೆ ಒಯ್ಯಬಹುದು. ನಮ್ಮದು 2022-23ರ ಅಸೆಸ್‌ಮೆಂಟ್ ವರ್ಷದ್ದು, ಹಾಗಾಗಿ ಗಡುವು 2037-38. ಇದಕ್ಕೆ ಸರ್ಕಾರ ಬಡ್ಡಿ ಕೊಡುವುದಿಲ್ಲ. ಹಾಗಾಗಿ ಬೇಗ ಬಳಸಿದಷ್ಟೂ ಒಳ್ಳೆಯದು.

2022-23ರಲ್ಲಿ ಲಾಭ 70 ಲಕ್ಷ. ಇಲ್ಲಿ ಒಂದು ಸಣ್ಣ ತಪ್ಪು ಸಿಕ್ಕಿತು. ಹಿಂದಿನ ಸಲ ಕಟ್ಟಿದ 234ಬಿ, 234ಸಿ ಬಡ್ಡಿಯನ್ನು ನಮ್ಮ ಹುಡುಗ ಬ್ಯಾಂಕ್ ಬಡ್ಡಿಯ ಲೆಡ್ಜರ್‌ಗೆ ಹಾಕಿದ್ದ. ಮ್ಯಾಟ್ ಲೆಕ್ಕದಲ್ಲಿ ಆ ಬಡ್ಡಿಯೂ ಆದಾಯ ತೆರಿಗೆಯೇ, ವಾಪಸ್ ಸೇರಿಸಬೇಕು. ಸೇರಿಸಿದ ಮೇಲಿನ ಅಂಕಿ ಈ 70. ಹಳೇ ನಷ್ಟದಲ್ಲಿ ಈ ವರ್ಷ ಏನೂ ಸಿಗಲಿಲ್ಲ. ಸವಕಳಿಯ ತುಂಡು ಪುಸ್ತಕದಲ್ಲಿ ಉಳಿದಿದೆ ನಿಜ, ಆದರೆ ಇನ್ನೊಂದು ತುಂಡು ಹೋದ ವರ್ಷವೇ ಸೊನ್ನೆಯಾಗಿತ್ತು. ಎರಡರಲ್ಲಿ ಕಡಿಮೆ ಯಾವುದು ಅಂದರೆ ಸೊನ್ನೆಯೇ ಅಲ್ವಾ? ಹಾಗಾಗಿ ಮ್ಯಾಟ್ ಸೆಸ್ ಸೇರಿ 10,92,000.

ಮಾಮೂಲಿ ಲೆಕ್ಕದಲ್ಲಿ ಪುಸ್ತಕದ ಸವಕಳಿ 20 ಸೇರಿಸಿ, ತೆರಿಗೆಯ ಸವಕಳಿ 34 ಕಳೆದರೆ 56 ಲಕ್ಷ. ತೆರಿಗೆ 14,56,000. ಈ ಸಲ ಮಾಮೂಲಿ ತೆರಿಗೆಯೇ ಮೇಲೆ ಬಂತು. ಕೈಯಲ್ಲಿ 6,34,400 ಕ್ರೆಡಿಟ್ ಇದೆ, ಪೂರ್ತಿ ಕಳೆದು 8,21,600 ಕಟ್ಟೋಣ ಅಂತ ಡೈರೆಕ್ಟರ್ ಅಂದುಕೊಂಡಿದ್ದರು. ಆದರೆ ಹಾಗಾಗುವುದಿಲ್ಲ. ಕ್ರೆಡಿಟ್ ಕಳೆದ ಮೇಲೂ ಆ ವರ್ಷದ ಮ್ಯಾಟ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ. 14,56,000ಕ್ಕೂ 10,92,000ಕ್ಕೂ ಇರುವ ಅಂತರ 3,64,000. ಬಳಸಲು ಆಗಿದ್ದು ಅಷ್ಟೇ. ಉಳಿದ 2,70,400 ಮುಂದಕ್ಕೆ ಹೋಯಿತು. ಇದರಿಂದ ಒಂದು ವಿಷಯ ತಿಳಿಯುತ್ತದೆ: ನಷ್ಟ ಇಲ್ಲದ ವರ್ಷದಲ್ಲೂ, ಕ್ರೆಡಿಟ್ ಬಳಸುವುದಕ್ಕೆ ಬುಕ್ ಪ್ರಾಫಿಟ್ ಲೆಕ್ಕ ಮಾಡಲೇಬೇಕು.

ರಿಟರ್ನ್‌ನಲ್ಲಿ ಇದು ಐಟಿಆರ್-6ರ `Schedule MATC`ಯಲ್ಲಿ ಬರುತ್ತದೆ. ವರ್ಷಕ್ಕೊಂದು ಸಾಲು: ಹಿಂದಿನಿಂದ ಬಂದದ್ದು, ಈ ವರ್ಷ ಬಳಸಿದ್ದು, ಮುಂದಕ್ಕೆ ಹೋಗುವುದು. ಹಿಂದಿನಿಂದ ಬಂದದ್ದನ್ನು ನಾನು ನೆನಪಿನಿಂದಲೋ ಎಕ್ಸೆಲ್‌ನಿಂದಲೋ ತುಂಬುವುದಿಲ್ಲ. ಹಿಂದಿನ ರಿಟರ್ನ್‌ನ ಕೊನೆಯ ಕಾಲಂ ಮತ್ತು ಇಲಾಖೆಯಿಂದ ಬಂದ 143(1) ಸೂಚನೆ ಎರಡನ್ನೂ ಮುಂದಿಟ್ಟುಕೊಂಡು ತುಂಬುತ್ತೇನೆ. ಇಲಾಖೆ ಯಾವುದೋ ವರ್ಷದ ಆದಾಯ ಬದಲಾಯಿಸಿದರೆ ಆ ವರ್ಷದ ಕ್ರೆಡಿಟ್ಟೂ ಬದಲಾಗುತ್ತದೆ. ಅದನ್ನು ನೋಡದೆ ಹಳೇ ಅಂಕಿಯನ್ನೇ ಎಳೆದುಕೊಂಡು ಬಂದರೆ ಮುಂದೆ ಡಿಮ್ಯಾಂಡ್ ಬರುತ್ತದೆ.

2023-24ರಲ್ಲಿ ನಾವು ತುಂಬಾ ಯೋಚಿಸಿದ್ದು 115ಬಿಎಎ ಬಗ್ಗೆ. ಶೇ 22, ಅದರ ಮೇಲೆ ಸರ್‌ಚಾರ್ಜ್ ಶೇ 10, ಸೆಸ್ ಶೇ 4, ಒಟ್ಟು ಶೇ 25.168. ನಮ್ಮದು ಶೇ 26. ಮಾಮೂಲಿ ಆದಾಯ 78 ಲಕ್ಷಕ್ಕೆ ಹೊಸ ದರದಲ್ಲಿ 19,63,104, ಹಳೇ ದರದಲ್ಲಿ 20,28,000. ಸುಮ್ನೆ ದರ ನೋಡಿದರೆ ಹೊಸದೇ ಅಗ್ಗ. ಆದರೆ ಆ ದಾರಿ ಹಿಡಿದರೆ ಉಳಿದ ಮ್ಯಾಟ್ ಕ್ರೆಡಿಟ್ ಸಿಗುವುದಿಲ್ಲ ಅಂತ ಸಿಬಿಡಿಟಿ 2019ರ 29ನೇ ಸುತ್ತೋಲೆಯಲ್ಲೇ ಸ್ಪಷ್ಟ ಮಾಡಿತ್ತು. ಒಮ್ಮೆ ಹೋದರೆ ವಾಪಸ್ ಬರುವ ಹಾಗೂ ಇಲ್ಲ. ಆ ವರ್ಷ ನಮ್ಮ ಬುಕ್ ಪ್ರಾಫಿಟ್ 80 ಲಕ್ಷ, ಮ್ಯಾಟ್ 12,48,000. ಅಂದರೆ 7,80,000ದವರೆಗೆ ಕ್ರೆಡಿಟ್ ಬಳಸಲು ಜಾಗ ಇತ್ತು, ನಮ್ಮ 2,70,400 ಪೂರ್ತಿ ಕಳೆಯಿತು. ಕಟ್ಟಿದ್ದು 17,57,600. ಹೊಸ ದರಕ್ಕೆ ಹೋಗಿದ್ದರೆ ಎರಡು ಲಕ್ಷಕ್ಕೂ ಮೀರಿ ಜಾಸ್ತಿ ಕಟ್ಟುತ್ತಿದ್ದೆವು. ಕ್ರೆಡಿಟ್ ಸೊನ್ನೆಯಾದ ಮೇಲೆ, ಹೆಚ್ಚುವರಿ ಸವಕಳಿಯೂ ಮುಗಿದ ಮೇಲೆ, 2024-25ಕ್ಕೆ ಫಾರ್ಮ್ 10-ಐಸಿ ತುಂಬಿ ಹೊಸ ದರಕ್ಕೆ ಹೋದೆವು.

ಇದೆಲ್ಲ ಆ ವರ್ಷಗಳ ನಿಯಮ. 2026ರ ಫೆಬ್ರವರಿಯ ಬಜೆಟ್‌ನಲ್ಲಿ ಈ ಆಟದ ಲೆಕ್ಕವೇ ಬದಲಾಗುವ ಪ್ರಸ್ತಾಪ ಬಂತು. ಏಪ್ರಿಲ್ 1ರಿಂದ ಮ್ಯಾಟ್ ದರ ಶೇ 14, ಆದರೆ ಕಟ್ಟಿದ್ದು ಕಟ್ಟಿದ್ದೇ, ಹೊಸ ಕ್ರೆಡಿಟ್ ಹುಟ್ಟುವುದಿಲ್ಲ. 2026ರ ಮಾರ್ಚ್ 31ರವರೆಗೆ ಕೂಡಿದ ಹಳೇ ಕ್ರೆಡಿಟ್ ಹೊಸ ದರಕ್ಕೆ ಬಂದ ಕಂಪನಿಗಳಿಗೆ ಮಾತ್ರ, ಅದೂ ಆ ವರ್ಷದ ತೆರಿಗೆಯ ಕಾಲು ಭಾಗದವರೆಗೆ. ಪರಿಚಯದ ಇನ್ನೊಂದು ಕಂಪನಿಯಲ್ಲಿ ಇನ್ನೂ ಕ್ರೆಡಿಟ್ ಉಳಿದಿದೆ. ಅವರಿಗೆ ನಾನು ಹೇಳಿದ್ದು ಇಷ್ಟೇ: 2025-26ರ ರಿಟರ್ನ್‌ನಲ್ಲಿ ಹಳೇ ಲೆಕ್ಕದಂತೆ ಎಷ್ಟು ಕಳೆಯಲು ಜಾಗ ಇದೆಯೋ ಮೊದಲು ಅದನ್ನು ಪೂರ್ತಿ ಬಳಸಿ, ಮಿಕ್ಕದ್ದಕ್ಕೆ ಮಾತ್ರ ಕಾಲು ಭಾಗದ ಲೆಕ್ಕ ಹಾಕಿ.