ಕೊಲ್ಯಾಬ್‌ಗೆ ಮುಂಚೆ ನಾವಿಬ್ಬರೂ ತಲೆ ಎಣಿಸಿದ್ದು ಹೀಗೆ

ನನ್ನದು ತಾರಸಿ ತೋಟದ ಯೂಟ್ಯೂಬ್ ಚಾನೆಲ್, ಬಸವನಗುಡಿಯಲ್ಲಿ ಮನೆ. ಮೂರು ವರ್ಷದ ಹಿಂದೆ ಇದೇ ಊರಿನ ಇನ್ನೊಂದು ತಾರಸಿ ತೋಟದ ಚಾನೆಲ್ ಜೊತೆ ಮೊದಲ ಕೊಲ್ಯಾಬ್ ಮಾಡಿದೆ. ಎರಡು ದಿನ ಶೂಟಿಂಗ್, ಕ್ಯಾಮೆರಾ ಬಾಡಿಗೆ, ಎಡಿಟಿಂಗ್ ಎಲ್ಲ ಸೇರಿ ನನ್ನ ಕೈಯಿಂದ ಹೋಗಿದ್ದು ಸುಮಾರು 18 ಸಾವಿರ. ವೀವ್ಸ್ ಚೆನ್ನಾಗೇ ಬಂತು, ಕಾಮೆಂಟ್ ತುಂಬಾ ಬಂತು. ಹೊಸ ಸಬ್‌ಸ್ಕ್ರೈಬರ್ ಮಾತ್ರ ನೂರನಲವತ್ತು ಚಿಲ್ಲರೆ. ಅವರನ್ನು ನೋಡುವವರೆಲ್ಲ ನನ್ನನ್ನೂ ಆಗಲೇ ನೋಡುತ್ತಿದ್ದರು. ಬೀಗರೂಟಕ್ಕೆ ನಮ್ಮನೆಯವರನ್ನೇ ಕರೆದ ಹಾಗಾಗಿತ್ತು.

ಆಮೇಲೆ ಬೇರೆ ತುದಿಗೆ ಹೋದೆ. ಮೊಬೈಲ್ ರಿವ್ಯೂ ಮಾಡುವ ದೊಡ್ಡ ಚಾನೆಲ್ ಜೊತೆ ಒಂದು ವಿಡಿಯೋ. ಅಲ್ಲಿಂದ ಬಂದವರು ಹನ್ನೊಂದು ನಿಮಿಷದ ವಿಡಿಯೋವನ್ನು ಎರಡು ನಿಮಿಷವೂ ನೋಡಲಿಲ್ಲ. ಎರಡೂ ಚಾನೆಲ್ ನೋಡುವ ಜನ ಪೂರ್ತಿ ಬೆರೆತರೂ ಕೆಲಸವಿಲ್ಲ, ಬೆರೆಯದೇ ಇದ್ದರೂ ಕೆಲಸವಿಲ್ಲ ಅನ್ನುವುದು ಹೀಗೆ ದುಡ್ಡು ಕೊಟ್ಟು ಕಲಿತದ್ದು.

ಮೂರನೆಯ ಸಲ ರಾಜಾಜಿನಗರದ ಅಡುಗೆ ಚಾನೆಲ್‌ನ ಅಕ್ಕನನ್ನು ಕೇಳಿದೆ. ಯೂಟ್ಯೂಬ್ ಸ್ಟುಡಿಯೋದ ಆಡಿಯನ್ಸ್ ಟ್ಯಾಬ್‌ನಲ್ಲಿ, ನನ್ನನ್ನು ನೋಡುವವರು ಬೇರೆ ಯಾರನ್ನು ನೋಡುತ್ತಾರೆ ಅಂತ ತೋರಿಸುವ Channels your audience watches ಪಟ್ಟಿಯಲ್ಲಿ ಅವರ ಚಾನೆಲ್ ಒಂಬತ್ತನೆಯದೋ ಹತ್ತನೆಯದೋ ಆಗಿ ಕಾಣುತ್ತಿತ್ತು. ನಮ್ಮ ಎಡಿಟರ್ ಹುಡುಗ ಒಪ್ಪಲಿಲ್ಲ. "ಅಣ್ಣ, ಅವರು ಅಷ್ಟು ದೊಡ್ಡ ಚಾನೆಲ್, ಯಾರ ಪಟ್ಟಿಲಾದ್ರೂ ಬರ್ತಾರೆ. ಸಾರು ಮಾಡೋದು ನೋಡೋರು ಗೊಬ್ಬರ ನೋಡ್ತಾರಾ?" ಅಂದ. ಮೊದಲ ಮಾತು ನಿಜವೇ. ಆ ಪಟ್ಟಿ 28 ದಿನದ್ದು, ಅದರಲ್ಲಿ ಕ್ರಮ ಇದೆ, ಶೇಕಡಾ ಇಲ್ಲ. ದೊಡ್ಡ ಚಾನೆಲ್ ತನ್ನ ಗಾತ್ರದಿಂದಲೇ ಎಲ್ಲರ ಪಟ್ಟಿಯಲ್ಲೂ ಮೇಲೆ ಬರುತ್ತದೆ. ಬೆಂಗಳೂರಿನವರಿಗೆ ಇನ್ನೊಂದು ತೊಡಕೂ ಇದೆ. ಆಗಸ್ಟಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ವಿಡಿಯೋ ಹಾಕಿದರೆ ಊರು ನೋಡುವವರೆಲ್ಲ ಬಂದು ಹೋಗುತ್ತಾರೆ, ಪಟ್ಟಿಯಲ್ಲಿ ಟ್ರಾವೆಲ್ ಚಾನೆಲ್‌ಗಳು ಏರಿಬಿಡುತ್ತವೆ. ಆ ತಿಂಗಳ ಪಟ್ಟಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಅಕ್ಕನ ಮನೆಗೇ ಹೋಗಿ ಇಬ್ಬರ ಲ್ಯಾಪ್‌ಟಾಪ್ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಸ್ಕ್ರೀನ್‌ಶಾಟ್ ನಂಬುವುದನ್ನು ನಾನು ಬಿಟ್ಟಿದ್ದೇನೆ. ಹಿಂದೆ ಒಬ್ಬರು ಮೂರು ತಿಂಗಳ ಹಳೆಯದನ್ನು ಕಳಿಸಿದ್ದರು, ದಿನಾಂಕ ಕತ್ತರಿಸಿ. ಅಕ್ಕನ ಪಟ್ಟಿಯಲ್ಲಿ ನನ್ನ ಚಾನೆಲ್ ಇರಲಿಲ್ಲ. ಅದು ಕೆಟ್ಟ ಸುದ್ದಿಯಲ್ಲ. ಎರಡೂ ಕಡೆ ನೋಡುವ ಜನ ಅಷ್ಟೇ ಇದ್ದರೂ ಅವರು ನನ್ನ ಚಿಕ್ಕ ಚಾನೆಲ್‌ಗೆ ದೊಡ್ಡ ಪಾಲು, ಅಕ್ಕನ ದೊಡ್ಡ ಚಾನೆಲ್‌ಗೆ ಸಣ್ಣ ಪಾಲು.

ಪಾಲು ಎಷ್ಟು ಅಂತ ತಿಳಿಯಲು ಪೋಲ್ ಹಾಕಿದೆವು. ನನ್ನ ಮೊದಲ ಪೋಲ್ ಕೆಟ್ಟಿತು. ಕೊಲ್ಯಾಬ್ ಗುಟ್ಟು ಬಿಡಬಾರದು ಅಂತ ನಾಲ್ಕು ಚಾನೆಲ್ ಹೆಸರು ಕೊಟ್ಟು "ಯಾವುದನ್ನು ನೋಡ್ತೀರಿ?" ಅಂತ ಕೇಳಿದ್ದೆ. ಪೋಲ್‌ನಲ್ಲಿ ಒಬ್ಬರು ಒಂದನ್ನೇ ಒತ್ತಬಹುದು. ನಾಲ್ಕನ್ನೂ ನೋಡುವವರು ಇಷ್ಟದ್ದೊಂದನ್ನು ಒತ್ತಿ ಹೋದರು. ಸಿಕ್ಕಿದ್ದು ಜನಪ್ರಿಯತೆಯ ಲೆಕ್ಕ, ನನಗೆ ಬೇಕಾಗಿದ್ದು ಅದಲ್ಲ. ಆಮೇಲೆ ವಾರಕ್ಕೊಂದು ಚಾನೆಲ್ ಹೆಸರು ಹಿಡಿದು ಕೇಳಿದೆ: ಆಗಾಗ ನೋಡ್ತೀವಿ, ಹೆಸರು ಕೇಳಿದೀವಿ, ಗೊತ್ತಿಲ್ಲ. ಅಕ್ಕನೂ ತಮ್ಮ ಕಡೆ ಹಾಗೇ ಕೇಳಿದರು.

ನನ್ನವರಲ್ಲಿ ಶೇ. 22 ಜನ ಅಕ್ಕನನ್ನು ಆಗಾಗ ನೋಡುತ್ತೇವೆ ಅಂದರು. ಅಕ್ಕನವರಲ್ಲಿ ನನ್ನನ್ನು ನೋಡುವವರು ಶೇ. 6. ಈಗ ನನ್ನ ವಿಧಾನದ ಜೀವಾಳ: ಇಬ್ಬರನ್ನೂ ನೋಡುವ ಜನ ಒಂದೇ ಗುಂಪು. ನನ್ನ ಕಡೆಯಿಂದ ಎಣಿಸಿದರೂ ಅಕ್ಕನ ಕಡೆಯಿಂದ ಎಣಿಸಿದರೂ ತಲೆ ಅಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ.

ಮೊದಲು ತಪ್ಪೇ ಆಯಿತು. ನನ್ನ ತಿಂಗಳ ಯೂನಿಕ್ ವೀವರ್ಸ್ ಸುಮಾರು 1.6 ಲಕ್ಷ, ಅದರ ಶೇ. 22 ಅಂದರೆ 35 ಸಾವಿರ. ಅಕ್ಕನದು 4 ಲಕ್ಷ, ಶೇ. 6 ಅಂದರೆ 24 ಸಾವಿರ. ಹನ್ನೊಂದು ಸಾವಿರ ಜನ ಎಲ್ಲಿ ಹೋದರು? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ನನ್ನ ಚಾನೆಲ್‌ಗೆ ಸರ್ಚ್‌ನಿಂದ ಬರುವವರೇ ಬಹಳ. ಕರಿಬೇವಿನ ಎಲೆ ಹಳದಿ ಆಗಿದೆ ಅಂತ ಹುಡುಕಿಕೊಂಡು ಬರುತ್ತಾರೆ, ನೋಡಿ ಹೋಗುತ್ತಾರೆ. ಅವರು ಪೋಲ್ ಒತ್ತುವವರಲ್ಲ. ಪೋಲ್ ಒತ್ತಿದ್ದು ಮತ್ತೆ ಮತ್ತೆ ಬರುವವರು. ಅಂದಮೇಲೆ ಗುಣಿಸಬೇಕಾದ್ದು ರಿಟರ್ನಿಂಗ್ ವೀವರ್ಸ್‌ನಿಂದ. ನನ್ನವರು 60 ಸಾವಿರದ ಹತ್ತಿರ, ಶೇ. 22 ಅಂದರೆ 13 ಸಾವಿರ. ಅಕ್ಕನವರು 2 ಲಕ್ಷದ ಹತ್ತಿರ, ಶೇ. 6 ಅಂದರೆ 12 ಸಾವಿರ. ಎರಡೂ ಕೂಡಿತು! ಅಕ್ಕನ ಖಾಯಂ ಜನರಲ್ಲಿ 1.88 ಲಕ್ಷ ಮಂದಿ ನನ್ನನ್ನು ನೋಡದವರು ಅಂತಾಯಿತು.

ಹುಡುಗನಿಗೆ ಆಗಲೂ ಸಮಾಧಾನವಿಲ್ಲ. ಅದಕ್ಕೆ ಕಾಮೆಂಟ್ ಮಾಡಿದವರನ್ನೂ ಎಣಿಸಿದೆವು. ಇಬ್ಬರ ಕೊನೆಯ ಹತ್ತು ವಿಡಿಯೋಗಳ ಕಾಮೆಂಟ್‌ಗಳಿಂದ ಯೂಟ್ಯೂಬ್ ಎಪಿಐ ಮೂಲಕ authorChannelId, ಅಂದರೆ ಬರೆದವರ ಐಡಿ ತೆಗೆದು, ಸಾಲಿಗೊಂದರಂತೆ ಎರಡು ಫೈಲ್ ಮಾಡಿ, ನಮ್ಮಿಬ್ಬರದೇ ಐಡಿ ಅಳಿಸಿ, ಎರಡರಲ್ಲೂ ಇರುವ ಐಡಿ ಎಣಿಸಿದೆವು:

```
sort -u nanna.txt > n.txt
sort -u akka.txt > a.txt
comm -12 n.txt a.txt | wc -l
```

ಎಪಿಐಯನ್ನು ಒಂದು ಸಲ ಕೇಳಿದರೆ ನೂರು ಕಾಮೆಂಟ್ ತನಕ ಬರುತ್ತದೆ, ಕೋಟಾ ಒಂದೇ ಯೂನಿಟ್ ಹೋಗುತ್ತದೆ. ಖರ್ಚಿಲ್ಲ. ನನ್ನ ಕಡೆ 1,100 ಜನ, ಅದರಲ್ಲಿ ಅಕ್ಕನ ಕಡೆಯೂ ಬರೆದವರು 97. ಶೇ. 9 ಕೂಡ ಇಲ್ಲ. ಹುಡುಗ ನಕ್ಕ. ಆದರೆ ಇಲ್ಲಿ ಸಿಗುವುದು ಎರಡೂ ಕಡೆ ನೋಡಿ, ಎರಡೂ ಕಡೆ ಬರೆದವರು ಮಾತ್ರ. ಇದು ಯಾವಾಗಲೂ ಕಡಿಮೆಯೇ ಬರುತ್ತದೆ. ಹೋಲಿಕೆಗೆ ಮಾತ್ರ ಬಳಸಬೇಕು. ಹಳೆಯ ತಾರಸಿ ತೋಟದ ಚಾನೆಲ್‌ಗೆ ಅದೇ ಲೆಕ್ಕ ಹಾಕಿದಾಗ 340 ಬಂತು. ಅಕ್ಕನಷ್ಟೇ ದೊಡ್ಡದಾದ ಇನ್ನೊಂದು ಅಡುಗೆ ಚಾನೆಲ್‌ಗೆ 40 ಚಿಲ್ಲರೆ. ಅಕ್ಕ ನನ್ನ ಪಟ್ಟಿಯಲ್ಲಿ ಬರೀ ಗಾತ್ರದಿಂದ ಬಂದವರಲ್ಲ ಅನ್ನುವುದಕ್ಕೆ ಅದು ಸಾಕಾಯಿತು. ಹುಡುಗ ಕ್ಯಾಮೆರಾ ಚಾರ್ಜ್‌ಗೆ ಹಾಕಿದ.

ಕುಂಡದಲ್ಲಿ ಬೆಳೆದ ದಂಟಿನ ಸೊಪ್ಪನ್ನು ನಮ್ಮ ತಾರಸಿಯಲ್ಲೇ ಕೊಯ್ದು ಅಲ್ಲೇ ಒಲೆ ಇಟ್ಟು ಮಸ್ಸೊಪ್ಪು ಮಾಡಿದೆವು. ಒಂದೇ ದಿನದ ಶೂಟಿಂಗ್, ಒಟ್ಟು 9 ಸಾವಿರ ಖರ್ಚು. ವಿಡಿಯೋವನ್ನು ಅಕ್ಕನ ಚಾನೆಲ್‌ನಲ್ಲಿ ಹಾಕಿದೆವು, ಹೊಸಬರು ಇದ್ದದ್ದು ಅಲ್ಲೇ ತಾನೇ. ನನ್ನಲ್ಲಿ ಮುಂದಿನ ಭಾಗವಾಗಿ ದಂಟು ಬಿತ್ತುವ ವಿಡಿಯೋ. ಎರಡು ವಾರದಲ್ಲಿ 2,600ರ ಆಸುಪಾಸು ಹೊಸ ಸಬ್‌ಸ್ಕ್ರೈಬರ್ ಬಂದರು.

ತಿಂಗಳ ಮೇಲೆ ಅಕ್ಕನ ಕಡೆ ಅದೇ ಪೋಲ್ ಮತ್ತೆ ಹಾಕಿಸಿದೆ. ಶೇ. 6 ಇದ್ದದ್ದು 10 ದಾಟಿದೆ. ನನ್ನ ಕಡೆ 22 ಇದ್ದದ್ದು 30. ಅಕ್ಕ ಯುಗಾದಿಗೆ ಇನ್ನೊಂದು ಮಾಡೋಣ ಅನ್ನುತ್ತಿದ್ದಾರೆ. ನಾನು ದೀಪಾವಳಿ ಆಗಲಿ ಅಂದಿದ್ದೇನೆ, ಅಷ್ಟರಲ್ಲಿ ಹೈನುಗಾರಿಕೆಯ ಒಂದು ಚಾನೆಲ್‌ಗೆ ಪೋಲ್ ಹಾಕಿದ್ದೇನೆ, ಮೊದಲ ದಿನ ಶೇ. 15 ತೋರಿಸುತ್ತಿದೆ.